ಜೂನ್ ತಿಂಗಳ ಓವರ್‌ಟೈಮ್ ಬಾಕಿ: ತಿದ್ದಿ ಬರೆದ ದೂರು

ದಿನಾಂಕ: 22 ಜುಲೈ 2024

ಮಾನ್ಯ ಹಿರಿಯ ವ್ಯವಸ್ಥಾಪಕರಿಗೆ,

ಜೂನ್‌ನಲ್ಲಿ ಮೇಲ್ವಿಚಾರಕರ ಸೂಚನೆಯಂತೆ ನಾನು 22 ಗಂಟೆ ಹೆಚ್ಚುವರಿ ಕೆಲಸ ಮಾಡಿದ್ದು, ಹಾಜರಾತಿ ಯಂತ್ರದಲ್ಲಿ ಅದು ದಾಖಲಾಗಿದ್ದರೂ ವೇತನ ಚೀಟಿಯಲ್ಲಿ 6 ಗಂಟೆ ಮಾತ್ರ ನಮೂದಾಗಿದೆ. ಉದಾಹರಣೆಗೆ, ಜೂನ್ 14ರಂದು ರಾತ್ರಿ 11.40ಕ್ಕೆ ಪಂಚ್ ಮಾಡಿ ಹೊರಟಿದ್ದೇನೆ. ಚೀಟಿಯ ಪ್ರಕಾರ ಆ ದಿನ ಓವರ್‌ಟೈಮ್ ಇಲ್ಲವೇ ಇಲ್ಲ.

ಜುಲೈ 8 ಮತ್ತು 15ರಂದು ಲೆಕ್ಕಪತ್ರ ವಿಭಾಗಕ್ಕೆ ಕಳುಹಿಸಿದ ಇಮೇಲ್‌ಗಳಿಗೆ ಉತ್ತರ ಬಂದಿಲ್ಲ. ಇದು ಉದ್ದೇಶಪೂರ್ವಕವೆಂದು ನಾನು ಆರೋಪಿಸುತ್ತಿಲ್ಲ. ಆದರೆ 16 ಗಂಟೆಗಳ ವ್ಯತ್ಯಾಸಕ್ಕೆ ಲಿಖಿತ ವಿವರಣೆ ಬೇಕು.

1948ರ ಕಾರ್ಖಾನೆಗಳ ಕಾಯ್ದೆಯ 59ನೇ ಸೆಕ್ಷನ್‌ನಂತೆ ಬಾಕಿಯನ್ನು ಸಾಮಾನ್ಯ ದರದ ಎರಡರಷ್ಟು ಲೆಕ್ಕಹಾಕಿ, ಜುಲೈ ವೇತನದೊಂದಿಗೆ ಪಾವತಿಸಬೇಕೆಂದು ಕೋರುತ್ತೇನೆ. ಹಾಜರಾತಿ ಪ್ರತಿ ಲಗತ್ತಿಸಿದೆ.

ಇಂತಿ,
ಯಂತ್ರ ನಿರ್ವಾಹಕ, ಎರಡನೇ ಪಾಳಿ