ಟಿವಿ, ಸೌಂಡ್‌ಬಾರ್, ಗೇಮ್ ಬಾಕ್ಸ್ ಹಾಕುವ ಕ್ರಮ (ಅಜ್ಜ, ಅಜ್ಜಿಗೆ)

ಪ್ರತಿಯೊಂದಕ್ಕೂ ಬಣ್ಣದ ಚುಕ್ಕೆ ಅಂಟಿಸಿದ್ದೇನೆ. ಕೆಂಪು ಟಿವಿಗೆ, ಹಳದಿ ಸೌಂಡ್‌ಬಾರ್‌ಗೆ, ನೀಲಿ ಗೇಮ್ ಬಾಕ್ಸ್‌ಗೆ. ರಿಮೋಟ್ ಮೇಲೂ ಗೋಡೆಯ ಸ್ವಿಚ್ ಮೇಲೂ ಅದೇ ಬಣ್ಣ ಇದೆ. ಹಾಕುವಾಗ ಯಾವಾಗಲೂ ಕೆಂಪು ಮೊದಲು, ಆಮೇಲೆ ಹಳದಿ, ಕೊನೆಗೆ ನೀಲಿ.

ಶುರು ಮಾಡುವ ಮೊದಲು: ಗೋಡೆಯ ಮೂರೂ ಸ್ವಿಚ್ ಹಾಕಿ.

1. ಕೆಂಪು: ಟಿವಿ
ಕೆಂಪು ಚುಕ್ಕೆಯ ರಿಮೋಟ್‌ನಲ್ಲಿ ಮೇಲಿನ ಪವರ್ ಬಟನ್ ಒಂದೇ ಸಲ ಒತ್ತಿ. ಚಿತ್ರ ಬರುವ ತನಕ ಕಾಯಿರಿ. ಪರದೆ ಸ್ವಲ್ಪ ಹೊತ್ತು ಕಪ್ಪಗೇ ಇರುತ್ತದೆ, ಗಾಬರಿ ಬೇಡ, ಮತ್ತೆ ಒತ್ತಬೇಡಿ.

2. ಹಳದಿ: ಸೌಂಡ್‌ಬಾರ್
ಇಲ್ಲಿ ಮೊದಲು ನೋಡಬೇಕು, ಆಮೇಲೆ ಒತ್ತಬೇಕು. ಟಿವಿ ಮತ್ತು ಸೌಂಡ್‌ಬಾರ್ ನಡುವೆ ಒಂದು ವೈರ್ ಇದೆ. ಟಿವಿ ಹಾಕಿದ ಕೂಡಲೇ ಅದರ ಮೂಲಕ ಸುದ್ದಿ ಹೋಗಿ, ಹೆಚ್ಚಿನ ಸಲ ಸೌಂಡ್‌ಬಾರ್ ತಾನಾಗಿಯೇ ಆನ್ ಆಗುತ್ತದೆ. ಆಗ ನೀವು ಪವರ್ ಒತ್ತಿದರೆ ಅದು ಆಫ್ ಆಗುತ್ತದೆ! ಅಜ್ಜಿ, ಮೊನ್ನೆ ಫೋನ್‌ನಲ್ಲಿ "ಎಷ್ಟು ಒತ್ತಿದರೂ ಸೌಂಡೇ ಬರ್ತಿಲ್ಲ ಕಣೇ" ಅಂದಿರಲ್ಲ, ಆಗಿದ್ದು ಇದೇ. ತಪ್ಪು ನಿಮ್ಮದಲ್ಲ, ನಾನು ಮೊದಲೇ ಹೇಳಬೇಕಿತ್ತು.

ಹಾಗಾಗಿ ಟಿವಿ ಚಿತ್ರ ಬಂದ ಮೇಲೆ ಹತ್ತು ಎಣಿಸಿ, ಸೌಂಡ್‌ಬಾರ್‌ನ ಮುಂಭಾಗ ನೋಡಿ. ಅಕ್ಷರ ಮೂಡಿದ್ದರೆ ಕೈ ಹಾಕಬೇಡಿ. ಏನೂ ಕಾಣದಿದ್ದರೆ ಮಾತ್ರ ಹಳದಿ ರಿಮೋಟ್‌ನ ಪವರ್ ಒಂದು ಸಲ ಒತ್ತಿ. ಅಲ್ಲಿ ARC ಅಂತ ಇರಬೇಕು. ಬೇರೆ ಏನಾದರೂ ಇದ್ದರೆ, ARC ಬರುವವರೆಗೂ INPUT ಬಟನ್ ಒಂದೊಂದೇ ಸಲ ಒತ್ತುತ್ತಾ ಹೋಗಿ.

ಸೌಂಡ್ ಏರಿಸಲು, ಇಳಿಸಲು ಹಳದಿ ರಿಮೋಟನ್ನೇ ಬಳಸಿ. ಅಜ್ಜನಿಗೆ ಮಾತು ತಿಳಿಯದಿದ್ದರೆ ಸೌಂಡ್ ಜಾಸ್ತಿ ಮಾಡುವ ಮೊದಲು VOICE ಒತ್ತಿ ನೋಡಿ. ಹಿನ್ನೆಲೆಯ ಸದ್ದಿಗಿಂತ ಮಾತು ಎದ್ದು ಕೇಳಿಸುತ್ತದೆ.

ವಾರ್ತೆ, ಧಾರಾವಾಹಿಗೆ ಇಷ್ಟೇ ಸಾಕು. ನೀಲಿ ಮುಟ್ಟುವುದೇ ಬೇಡ.

3. ನೀಲಿ: ಗೇಮ್ ಬಾಕ್ಸ್ (ಪಿಎಸ್5)
ಪುಟ್ಟನ ಜೊತೆ ಕಾರಿನ ಆಟ ಆಡುವಾಗ ಮಾತ್ರ. ಎರಡು ಕೈಯಲ್ಲಿ ಹಿಡಿಯುವ ಕಂಟ್ರೋಲರ್ ತಗೊಳ್ಳಿ. ಎರಡು ಗುಂಡು ಕಡ್ಡಿಗಳ ನಡುವೆ ಒಂದು ಪುಟ್ಟ ಬಟನ್ ಇದೆ, ಬೆರಳಾಡಿಸಿದರೆ ಸಿಗುತ್ತದೆ. ಅದನ್ನು ಒಂದು ಸಲ ಒತ್ತಿ. ಬಾಕ್ಸ್ "ಬೀಪ್" ಅನ್ನುತ್ತದೆ. ದೀಪ ಮೊದಲು ನೀಲಿ, ಆಮೇಲೆ ಬಿಳಿ. ಬಿಳಿಯಾದರೆ ತಯಾರು.

ಚಿತ್ರ ತಾನಾಗಿ ಬಾಕ್ಸ್‌ಗೆ ಬದಲಾಗದಿದ್ದರೆ ಅಥವಾ "No Signal" ಅಂತ ಬಂದರೆ, ಕೆಂಪು ರಿಮೋಟ್‌ನಲ್ಲಿ INPUT ಒತ್ತಿ, HDMI 2 ಆರಿಸಿ, OK ಒತ್ತಿ. ಮತ್ತೆ ಚಾನಲ್‌ಗೆ ಬರಲು ಹಾಗೆಯೇ INPUT ಒತ್ತಿ HDMI 1 ಆರಿಸಿ.

ಕಂಟ್ರೋಲರ್ ಒತ್ತಿದರೂ ಏನೂ ಆಗದಿದ್ದರೆ ಚಾರ್ಜ್ ಮುಗಿದಿರಬಹುದು. ಬಾಕ್ಸ್ ಪಕ್ಕದ ವೈರ್ ಚುಚ್ಚಿ, ಚುಚ್ಚಿಕೊಂಡೇ ಆಡಬಹುದು. ಕಂಟ್ರೋಲರ್‌ನಲ್ಲಿ ಗುಣಾಕಾರದ ಗುರುತು ಅಂದರೆ "ಸರಿ", ಸೊನ್ನೆ ಅಂದರೆ "ಹಿಂದೆ".

ಮುಗಿಸುವಾಗ: ಮೊದಲು ನೀಲಿ, ಆಮೇಲೆ ಕೆಂಪು, ಕೊನೆಗೆ ಹಳದಿ
ಮಧ್ಯದ ಪುಟ್ಟ ಬಟನ್ ಒಂದು ಸಲ ಒತ್ತಿದರೆ ಪರದೆಯ ಕೆಳಗೆ ಒಂದು ಸಾಲು ಬರುತ್ತದೆ. ಅದರಲ್ಲಿ ಪವರ್ ಚಿಹ್ನೆಗೆ ಹೋಗಿ, ಗುಣಾಕಾರ ಒತ್ತಿ, "Turn Off PS5" ಆರಿಸಿ. ಪಕ್ಕದ "Enter Rest Mode" ಬೇಡ, ಅದು ಬರೀ ಮಲಗುವುದು, ದೀಪ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿರುತ್ತದೆ.

ಇದೊಂದು ಮಾತ್ರ ಮರೆಯಬೇಡಿ: ಬಾಕ್ಸ್‌ನ ದೀಪ ಬಿಳಿಯೋ, ಕಿತ್ತಳೆಯೋ, ಮಿನುಗುತ್ತಿದೆಯೋ, ಅಲ್ಲಿಯ ತನಕ ನೀಲಿ ಚುಕ್ಕೆಯ ಗೋಡೆ ಸ್ವಿಚ್ ತೆಗೆಯಬೇಡಿ. ಒಳಗೆ ಇನ್ನೂ ಏನೋ ಬರೆದುಕೊಳ್ಳುತ್ತಿರಬಹುದು. ಮಧ್ಯದಲ್ಲಿ ಕರೆಂಟ್ ತೆಗೆದರೆ ಪುಟ್ಟ ಇಷ್ಟು ದಿನ ಆಡಿ ಉಳಿಸಿದ್ದೆಲ್ಲ ಹಾಳಾಗಬಹುದು. ದೀಪ ಪೂರ್ತಿ ಆರಲಿ.

ಆಮೇಲೆ ಕೆಂಪು ರಿಮೋಟ್‌ನಿಂದ ಟಿವಿ ಆಫ್ ಮಾಡಿ. ಸೌಂಡ್‌ಬಾರ್ ಅದರ ಹಿಂದೆಯೇ ತಾನಾಗಿ ಆಫ್ ಆಗುತ್ತದೆ. ಆಗದೇ ಉಳಿದರೆ ಮಾತ್ರ ಹಳದಿ ರಿಮೋಟ್ ಒತ್ತಿ.

ಏನೂ ಸರಿಬಾರದಿದ್ದರೆ: ಮೊದಲು ಮೇಲೆ ಹೇಳಿದಂತೆ ಬಾಕ್ಸ್ ಆಫ್ ಮಾಡಿ. ಟಿವಿ, ಸೌಂಡ್‌ಬಾರ್ ಎರಡರ ಗೋಡೆ ಸ್ವಿಚ್ ತೆಗೆದು, ಒಂದು ನಿಮಿಷ ಬಿಟ್ಟು ಹಾಕಿ, ಮತ್ತೆ ಕೆಂಪಿನಿಂದ ಶುರು ಮಾಡಿ. ಆಗಲೂ ಸೌಂಡ್ ಇಲ್ಲ ಅಂದರೆ ನನಗೆ ವಿಡಿಯೊ ಕಾಲ್ ಮಾಡಿ. ಫೋನನ್ನು ಸೌಂಡ್‌ಬಾರ್‌ನ ಅಕ್ಷರಗಳ ಹತ್ತಿರ ಹಿಡಿಯಿರಿ, ಓದಿ ಹೇಳುವ ಕಷ್ಟ ಬೇಡ. ರಾತ್ರಿ ಎಷ್ಟೊತ್ತಾದರೂ ಪರವಾಗಿಲ್ಲ.

ನಿಮ್ಮ,
ಮೇಘಾ