ಬ್ರಾಡ್‌ಬ್ಯಾಂಡ್ ಸಹಾಯವಾಣಿಗೆ ಹೇಳಬೇಕಾದ ಮಾತುಗಳು

ನಮಸ್ಕಾರ. ನಾನು ಮೈಸೂರಿನ ಕುವೆಂಪುನಗರದಿಂದ ಮಾತನಾಡುತ್ತಿದ್ದೇನೆ. ಈಗ ಕರೆ ಮಾಡಿರುವ ಮೊಬೈಲ್ ಸಂಖ್ಯೆಯೇ ನನ್ನ ಫೈಬರ್ ಸಂಪರ್ಕಕ್ಕೆ ನೋಂದಾಯಿಸಿರುವ ಸಂಖ್ಯೆ, ಬಿಲ್ಲಿನ ಬಾಕಿ ಇಲ್ಲ. ದಯವಿಟ್ಟು ದೂರನ್ನು ಬರೆದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ.

ಇಂಟರ್ನೆಟ್ ನಿಧಾನವಾಗಿದೆ ಎಂಬುದಲ್ಲ ನನ್ನ ದೂರು, ಪೂರ್ತಿಯಾಗಿ ಕಡಿದುಹೋಗಿ ತಾನಾಗಿಯೇ ಮರಳಿ ಬರುತ್ತಿದೆ. ಸೋಮವಾರ ಸಂಜೆ 6:40ಕ್ಕೆ ಹೋಗಿ 6:52ಕ್ಕೆ ಬಂದಿತು. ಮಂಗಳವಾರ ಸಂಜೆ 5:15ರಿಂದ 5:31ರವರೆಗೆ ಇರಲಿಲ್ಲ. ನಿನ್ನೆ ಬುಧವಾರ ಸಂಜೆ 6:05ಕ್ಕೆ ಹೋದದ್ದು 6:48ಕ್ಕೆ ಬಂದಿತು. ಮೂರೂ ದಿನ ಆ ಹೊತ್ತಿನಲ್ಲಿ ಗಾಳಿ ಜೋರಾಗಿತ್ತು, ಆದರೆ ಕರೆಂಟ್ ಹೋಗಿರಲಿಲ್ಲ.

ಈಗ ಮನೆಯ ಫೈಬರ್ ಉಪಕರಣದ ದೀಪಗಳ ವಿಷಯ. ಸಂಪರ್ಕ ಇರುವಾಗ ಪವರ್ ಮತ್ತು ಪಾನ್ ದೀಪಗಳು ಹಸಿರಾಗಿ ನಿಂತಿರುತ್ತವೆ, ಎಲ್‌ಒಎಸ್ ದೀಪ ಆರಿರುತ್ತದೆ. ಕಡಿದಾಗ ಪವರ್ ಹಸಿರಾಗಿಯೇ ಉಳಿದು, ಪಾನ್ ಆರಿ, ಎಲ್‌ಒಎಸ್ ಕೆಂಪಾಗಿ ಮಿನುಗುತ್ತದೆ. ಮರಳಿ ಬರುವ ಮುನ್ನ ಪಾನ್ ಸ್ವಲ್ಪ ಹೊತ್ತು ಹಸಿರಾಗಿ ಮಿನುಗಿ, ಆಮೇಲೆ ಸ್ಥಿರವಾಗುತ್ತದೆ.

(ಅವರು ರೀಸ್ಟಾರ್ಟ್ ಮಾಡಿ ಎಂದರೆ ಸಿಟ್ಟಾಗದೆ ಮುಂದಿನದನ್ನು ಹೇಳುವುದು.)

ನಿನ್ನೆ ಕಡಿದಿದ್ದಾಗಲೇ ಉಪಕರಣವನ್ನು ಆರಿಸಿ ಮತ್ತೆ ಹಾಕಿದೆ, ಎಲ್‌ಒಎಸ್ ಕೆಂಪಾಗಿಯೇ ಇತ್ತು. ಹಿಂಬದಿಯ ಹಸಿರು ಕನೆಕ್ಟರನ್ನು ಬಿಚ್ಚಿ, ತುದಿಯನ್ನು ಮುಟ್ಟದೆ ಬಿಗಿಯಾಗಿ ಕೂರಿಸಿದೆ. ಮನೆಯೊಳಗೆ ತಂತಿ ಎಲ್ಲಿಯೂ ಮಡಚಿಲ್ಲ. ವೈಫೈ ಬಿಟ್ಟು ಲ್ಯಾನ್ ಕೇಬಲ್ಲಿನಿಂದ ಲ್ಯಾಪ್‌ಟಾಪ್ ಜೋಡಿಸಿ ಈ ಎರಡು ಪರೀಕ್ಷೆಗಳನ್ನು ಮಾಡಿದೆ:

```
ping 192.168.1.1
ping 8.8.8.8
```

ಮೊದಲನೆಯದಕ್ಕೆ, ಅಂದರೆ ಮನೆಯ ಉಪಕರಣದಿಂದ, ಉತ್ತರ ತಪ್ಪದೆ ಬಂದಿತು. ಎರಡನೆಯದಕ್ಕೆ, ಅಂದರೆ ಹೊರಗಿನ ಇಂಟರ್ನೆಟ್‌ನಿಂದ, ಒಂದೂ ಬರಲಿಲ್ಲ. ಆದ್ದರಿಂದ ದೋಷ ನನ್ನ ವೈಫೈಯಲ್ಲಾಗಲಿ ಲ್ಯಾಪ್‌ಟಾಪಿನಲ್ಲಾಗಲಿ ಇಲ್ಲ.

ಇನ್ನೊಂದು ಅಂಕಿಯನ್ನು ತಪ್ಪದೆ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಸಂಪರ್ಕ ಹಾಕಿಸಿದ ದಿನ ನಿಮ್ಮ ತಂತ್ರಜ್ಞರು ನಮ್ಮ ಮನೆಯಲ್ಲಿ ಅಳೆದ, ಫೈಬರ್ ತಂತಿಯಲ್ಲಿ ಬರುವ ಬೆಳಕಿನ ಮಟ್ಟ ಮೈನಸ್ 21.4 ಡಿಬಿಎಂ ಇತ್ತು. ಇಂದು ಬೆಳಗ್ಗೆ ಸಂಪರ್ಕ ಸರಿಯಾಗಿರುವಾಗಲೇ ಉಪಕರಣದ ಪುಟದಲ್ಲಿ ಮೈನಸ್ 27.4 ತೋರಿಸುತ್ತಿದೆ. ಆರು ಡೆಸಿಬೆಲ್ ಕುಸಿತವೆಂದರೆ ತಲುಪುವ ಬೆಳಕು ಕಾಲು ಭಾಗಕ್ಕೆ ಇಳಿದಿದೆ. ಇಷ್ಟು ಅಂಚಿನಲ್ಲಿರುವ ಸಂಪರ್ಕಕ್ಕೆ ತಂತಿ ಸ್ವಲ್ಪ ಅಲುಗಾಡಿದರೂ ಸಾಕು. ಕಂಬದಿಂದ ನಮ್ಮ ಮಹಡಿಗೆ ಬರುವ ತಂತಿ ಹೊಂಗೆ ಮರದ ಕೊಂಬೆಗೆ ಉಜ್ಜುತ್ತಿದೆ, ಒಂದು ಕಡೆ ಅದರ ಕಪ್ಪು ಹೊದಿಕೆ ಸವೆದು ಬೆಳ್ಳಗೆ ಕಾಣುತ್ತಿದೆ. ದೋಷ ಅಲ್ಲಿಯೇ ಇರಬಹುದೆಂದು ನನ್ನ ಅನುಮಾನ, ಆದರೆ ಕಂಬದ ಪೆಟ್ಟಿಗೆಯಲ್ಲಿ ಅಳೆಯದೆ ಖಚಿತವಾಗುವುದಿಲ್ಲ.

ಹಾಗಾಗಿ ಪವರ್ ಮೀಟರ್ ಇರುವ ತಂತ್ರಜ್ಞರನ್ನೇ ಕಳುಹಿಸಿ, ಕಂಬದಲ್ಲಿಯೂ ಮನೆಯಲ್ಲಿಯೂ ಅಳೆಸಿ. ನಾಳೆ ಮಧ್ಯಾಹ್ನ 2ರ ನಂತರ ಮನೆಯಲ್ಲಿರುತ್ತೇನೆ, ಮಹಡಿಯ ಬೀಗದ ಕೈ ನನ್ನ ಬಳಿಯೇ ಇದೆ. ಅವರು ಬಂದ ಹೊತ್ತಿಗೆ ದೀಪಗಳೆಲ್ಲ ಹಸಿರಾಗಿದ್ದರೂ, ಬೆಳಕಿನ ಮಟ್ಟ ಸರಿಯಾಗುವವರೆಗೆ ದೂರನ್ನು ಮುಗಿದಿದೆಯೆಂದು ಗುರುತಿಸಬೇಡಿ.

ದೂರಿನ ಸಂಖ್ಯೆಯನ್ನು ಹೇಳಿ, ಬರೆದುಕೊಂಡು ನಿಮಗೆ ಓದಿ ಹೇಳುತ್ತೇನೆ.