ಸ್ವಮೌಲ್ಯಮಾಪನ: ಏಪ್ರಿಲ್ 2024ರಿಂದ ಮಾರ್ಚ್ 2025

ಹುದ್ದೆ: ಹಿರಿಯ ಟೆಸ್ಟರ್, ಹಾಲು ಸಂಘಗಳ ಲೆಕ್ಕದ ತಂತ್ರಾಂಶ
ಸಲ್ಲಿಕೆ: ಟೆಸ್ಟಿಂಗ್ ವಿಭಾಗದ ಮುಖ್ಯಸ್ಥರಿಗೆ

1. ಈ ವರ್ಷ ಮಾಡಿದ ಮುಖ್ಯ ಕೆಲಸ

ಟಿಕೆಟ್ ಪಟ್ಟಿಯ ಪ್ರಕಾರ ಈ ವರ್ಷ ನಾನು ದಾಖಲಿಸಿದ ದೋಷಗಳು 212. ಅವುಗಳಲ್ಲಿ 38ನ್ನು ನಾನೇ ಕೋಡ್ ತಿದ್ದಿ ಸರಿಪಡಿಸಿದ್ದೇನೆ. ಉಳಿದವನ್ನು ಡೆವಲಪರ್‌ಗಳು ಸರಿಪಡಿಸಿದ್ದಾರೆ, ಕೆಲವನ್ನು ಮುಂದಿನ ರಿಲೀಸ್‌ಗೆ ಬಿಟ್ಟಿದ್ದೇವೆ. ಟೆಸ್ಟರ್ ಕೋಡ್ ಮುಟ್ಟುವುದು ನಮ್ಮಲ್ಲಿ ವಾಡಿಕೆಯಲ್ಲ. ಜುಲೈನಲ್ಲಿ ಇಬ್ಬರು ಡೆವಲಪರ್‌ಗಳು ಬೇರೆ ಯೋಜನೆಗೆ ಹೋದಾಗ, ಸಣ್ಣ ದೋಷಗಳನ್ನು ಕಂಡಲ್ಲೇ ಸರಿಪಡಿಸಲು ನೀವು ಅನುಮತಿ ಕೊಟ್ಟಿರಿ. ಈ ಫಾರ್ಮ್ ಓದುವ ಮಾನವ ಸಂಪನ್ಮೂಲ ವಿಭಾಗದವರಿಗೆ ಆ ಹಿನ್ನೆಲೆ ಗೊತ್ತಿರಲಿಕ್ಕಿಲ್ಲವೆಂದು ಇಲ್ಲಿ ಹೇಳುತ್ತಿದ್ದೇನೆ.

38 ಎಂಬ ಅಂಕಿ ನೋಡಲು ದೊಡ್ಡದು. ಅದರಲ್ಲಿ 23 ಕಾಗುಣಿತದ ತಪ್ಪು, ರಸೀದಿಯಲ್ಲಿ ಪಕ್ಕಕ್ಕೆ ಸರಿದ ಅಂಕಣ, ಬಟನ್ ಮೇಲೆ ಅರ್ಧಕ್ಕೇ ತುಂಡಾದ ಪದ, ಇಂಥವು. ರೈತರ ಕೈಗೆ ಹೋಗುವ ಚೀಟಿಯಲ್ಲಿ ‘ಒಟ್ಟು’ ಎಂಬುದು ‘ಒಟು’ ಎಂದು ಅಚ್ಚಾಗಬಾರದು, ಆದ್ದರಿಂದ ಅವು ಆಗಲೇಬೇಕಾದ ಕೆಲಸಗಳೇ. ಆದರೆ ಅವನ್ನೂ ಸೇರಿಸಿ ಎಣಿಸಿ, ಆ ಮೊತ್ತದ ಮೇಲೆ ಅಂಕ ಕೇಳಲು ನನಗೆ ಮನಸ್ಸಿಲ್ಲ. ಉಳಿದ 15ರಲ್ಲಿ ಮೂರರ ಬಗ್ಗೆ ಮಾತ್ರ ವಿವರವಾಗಿ ಬರೆದಿದ್ದೇನೆ. ಸ್ವಂತ ಕೆಲಸದ ಬಗ್ಗೆ ಬರೆಯುವಾಗ ಹೊಗಳಿಕೊಂಡಂತೆ ಆದೀತು ಎಂಬ ಅಳುಕು ನನಗಿದೆ. ಅದಕ್ಕಾಗಿ ಪ್ರತಿಯೊಂದರ ಜೊತೆಗೂ ಟಿಕೆಟ್ ಸಂಖ್ಯೆ ಕೊಟ್ಟಿದ್ದೇನೆ. ನನ್ನ ಮಾತನ್ನೇ ನಂಬಬೇಕಾಗಿಲ್ಲ, ತೆರೆದು ನೋಡಬಹುದು.

ಬೆಳಗಿನ ಹಾಲಿನ ದಿನಾಂಕ (HS-1187)

ಈ ವರ್ಷ ನಾನು ಮಾಡಿದ್ದರಲ್ಲಿ ಹೆಚ್ಚು ಪರಿಣಾಮ ಬೀರಿದ ಕೆಲಸ ಇದು. ಕೆಲವು ಸಂಘಗಳ ಕಾರ್ಯದರ್ಶಿಗಳು, ಸದಸ್ಯರ ಒಂದು ಹೊತ್ತಿನ ಹಾಲು ಬಿಲ್ಲಿನಲ್ಲಿ ಬಂದಿಲ್ಲವೆಂದು ಆಗಾಗ ದೂರುತ್ತಿದ್ದರು. ಸಹಾಯವಾಣಿಯವರು ಹುಡುಕಿದಾಗ ಆ ದಿನದ ನಮೂದು ಸಿಗುತ್ತಿರಲಿಲ್ಲ. ‘ನಮೂದು ಮಾಡಿಲ್ಲ’ ಎಂದು ಬರೆದು ದೂರನ್ನು ಮುಚ್ಚುತ್ತಿದ್ದರು. ಅವರ ಕೈಯಲ್ಲಿದ್ದ ಮಾಹಿತಿಗೆ ಅದು ಸರಿಯಾದ ಉತ್ತರವೇ ಆಗಿತ್ತು.

ಸೆಪ್ಟೆಂಬರ್‌ನಲ್ಲಿ ಮುಚ್ಚಿದ ದೂರುಗಳನ್ನೆಲ್ಲ ಒಂದೆಡೆ ಇಟ್ಟು ಓದಿದಾಗ ಎರಡು ವಿಷಯ ಕಣ್ಣಿಗೆ ಬಿದ್ದವು. ಕಾಣೆಯಾದದ್ದೆಲ್ಲ ಬೆಳಗಿನ ಹಾಲು, ಸಂಜೆಯದು ಒಂದೂ ಇಲ್ಲ. ದಿನಾಂಕಗಳು 1, 11 ಅಥವಾ 21 ಮಾತ್ರ. ನಮ್ಮ ತಂತ್ರಾಂಶದಲ್ಲಿ ಹತ್ತು ದಿನಕ್ಕೊಂದು ಬಿಲ್ ಆಗುವುದರಿಂದ ಇವು ಹೊಸ ಬಿಲ್ಲಿನ ಮೊದಲ ದಿನಗಳು.

ಸರ್ವರ್ ಸಮಯವನ್ನು ಯುಟಿಸಿಯಲ್ಲಿ ಇಟ್ಟುಕೊಳ್ಳುತ್ತದೆ. ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಬೆಳಗ್ಗೆ 5:30ಕ್ಕೆ ಮೊದಲು ಹಾಕಿದ ನಮೂದು ಸರ್ವರ್ ಲೆಕ್ಕದಲ್ಲಿ ಹಿಂದಿನ ದಿನದ್ದು. ಬೇರೆ ದಿನಗಳಲ್ಲೂ ಈ ತಪ್ಪು ಆಗುತ್ತಲೇ ಇತ್ತು, ಆದರೆ ಎರಡೂ ದಿನ ಒಂದೇ ಬಿಲ್ಲಿನೊಳಗೆ ಇರುವುದರಿಂದ ಮೊತ್ತ ಬದಲಾಗುತ್ತಿರಲಿಲ್ಲ, ಯಾರಿಗೂ ತಿಳಿಯುತ್ತಿರಲಿಲ್ಲ. 11ನೇ ತಾರೀಖು ಬೆಳಗ್ಗೆ 5:10ಕ್ಕೆ ಅಳೆದ ಹಾಲು ಮಾತ್ರ 10ನೇ ತಾರೀಖಿಗೆ ಹೋಗಿ, ಹಿಂದಿನ ರಾತ್ರಿಯೇ ಮುಚ್ಚಿದ್ದ ಬಿಲ್ಲಿನಲ್ಲಿ ಕೂತುಬಿಡುತ್ತಿತ್ತು. ಅದಕ್ಕೆ ಹಣ ಬರುತ್ತಿರಲಿಲ್ಲ. ಆರು ಗಂಟೆಯ ನಂತರ ಹಾಲು ತೆಗೆದುಕೊಳ್ಳುವ ಸಂಘಗಳಿಗೆ ಈ ತೊಂದರೆ ಬಂದೇ ಇಲ್ಲ. ಹತ್ತು ಗಂಟೆಗೆ ಕಚೇರಿಗೆ ಬಂದು ಪರೀಕ್ಷೆ ಶುರುಮಾಡುವ ನಮಗೂ ಬರಲು ಸಾಧ್ಯವಿರಲಿಲ್ಲ.

ಪರೀಕ್ಷಾ ಯಂತ್ರದ ಗಡಿಯಾರವನ್ನು 5:10ಕ್ಕೆ ಇಟ್ಟು ದೋಷವನ್ನು ಮರುಕಳಿಸಿ ತೋರಿಸಿದೆ. ಕೋಡ್‌ನಲ್ಲಿ ಮಾಡಿದ ಬದಲಾವಣೆ ಒಂದೇ ಸಾಲು:

```sql
-- ಮೊದಲು
(created_at AT TIME ZONE 'UTC')::date
-- ಈಗ
(created_at AT TIME ZONE 'Asia/Kolkata')::date
```

ಇದರಲ್ಲಿ ನನ್ನ ಪಾಲು ಯಾವುದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಕಾರಣ ಹುಡುಕಿದ್ದು, ಆ ಸಾಲು ತಿದ್ದಿದ್ದು ಮತ್ತು ಅದಕ್ಕೆ ಪರೀಕ್ಷೆ ಬರೆದದ್ದು ನಾನು. ಹಳೆಯ ನಮೂದುಗಳನ್ನು ಡೇಟಾಬೇಸ್‌ನಲ್ಲಿ ಸರಿಪಡಿಸುವ ಅಪಾಯದ ಕೆಲಸವನ್ನು ಮಾಡಿದವರು ನಮ್ಮ ಹಿರಿಯ ಡೆವಲಪರ್. ಅವರು ಕೊಟ್ಟ ಪಟ್ಟಿಯನ್ನು ಸಂಘಗಳ ಕೈಬರಹದ ಪುಸ್ತಕದೊಂದಿಗೆ ನಾನು ತಾಳೆ ನೋಡಿದೆ. 17 ಸಂಘಗಳಲ್ಲಿ ಬಾಕಿ ಕಂಡುಬಂತು, ಅದನ್ನು ಮುಂದಿನ ಬಿಲ್ಲಿನಲ್ಲಿ ಸೇರಿಸಿ ಕೊಡಲಾಯಿತು. ದೂರನ್ನು ಬಿಡದೆ ಮತ್ತೆ ಮತ್ತೆ ಹೇಳಿದ ಕಾರ್ಯದರ್ಶಿಗಳು ಇಲ್ಲದಿದ್ದರೆ ನನಗೆ ಓದಲು ದೂರುಗಳೇ ಇರುತ್ತಿರಲಿಲ್ಲ.

ಪೈಸೆಯ ಲೆಕ್ಕ (HS-1240)

ದಿನದ ಚೀಟಿಗಳನ್ನು ಕೂಡಿದರೆ ಬರುವ ಮೊತ್ತಕ್ಕೂ ಬಿಲ್ಲಿನ ಮೊತ್ತಕ್ಕೂ ಕೆಲವೊಮ್ಮೆ ಮೂರು ನಾಲ್ಕು ಪೈಸೆ ವ್ಯತ್ಯಾಸವಿತ್ತು. ಚೀಟಿಯಲ್ಲಿ ಪ್ರತಿ ಹೊತ್ತಿನ ಮೊತ್ತವನ್ನು ಪೈಸೆಗೆ ಸರಿಹೊಂದಿಸುತ್ತಿದ್ದೆವು, ಬಿಲ್ಲಿನಲ್ಲಿ ಹತ್ತು ದಿನದ್ದನ್ನು ಕೂಡಿದ ಮೇಲೆ ಒಮ್ಮೆ ಸರಿಹೊಂದಿಸುತ್ತಿದ್ದೆವು. ಅದರ ಜೊತೆಗೆ ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವ ರೀತಿಯಿಂದಾಗಿ ಪೈಥಾನ್‌ನಲ್ಲಿ `round(2.675, 2)` ಎಂದರೆ 2.68ರ ಬದಲು 2.67 ಬರುತ್ತದೆ. `Decimal` ಬಳಸಿ ಇದನ್ನು ಸರಿಪಡಿಸಿದೆ. ಚೀಟಿ ಮತ್ತು ಬಿಲ್ಲಿನಲ್ಲಿ ಯಾವುದನ್ನು ಸರಿಯೆಂದು ಹಿಡಿಯಬೇಕು ಎಂಬುದು ಮಾತ್ರ ಕೋಡ್ ಬರೆಯುವವರು ತೀರ್ಮಾನಿಸುವ ವಿಷಯವಲ್ಲ. ಲೆಕ್ಕಪತ್ರ ವಿಭಾಗವನ್ನು ಕೇಳಿದೆ. ರೈತರ ಕೈಯಲ್ಲಿರುವ ಚೀಟಿಯೇ ಸರಿ ಎಂದರು, ಹಾಗೆಯೇ ಮಾಡಿದೆ.

ಮೂರು ಪೈಸೆಯಿಂದ ಯಾರೂ ಬಡವರಾಗುವುದಿಲ್ಲ. ಆದರೂ ಇದನ್ನು ಇಲ್ಲಿ ಬರೆಯಲು ಕಾರಣವಿದೆ: ಚೀಟಿಗಳನ್ನು ಜೋಪಾನವಾಗಿಟ್ಟು ಕೂಡಿ ನೋಡುವ ಸದಸ್ಯರು ಪ್ರತಿ ಸಂಘದಲ್ಲೂ ಇರುತ್ತಾರೆ, ಪೈಸೆ ತಪ್ಪಿದರೆ ಅವರಿಗೆ ರೂಪಾಯಿಯ ಮೇಲೂ ಅನುಮಾನ ಬರುತ್ತದೆ.

ಹೆಸರು ಹುಡುಕಾಟ (HS-1302)

‘ಬೊಮ್ಮಯ್ಯ’ ಎಂದು ಹುಡುಕಿದರೆ ಪಟ್ಟಿಯಲ್ಲೇ ಇರುವ ಬೊಮ್ಮಯ್ಯ ಸಿಗುತ್ತಿರಲಿಲ್ಲ. ‘ೊ’ ಎಂಬ ಸ್ವರಚಿಹ್ನೆ ಯೂನಿಕೋಡ್‌ನಲ್ಲಿ U+0CCA ಎಂಬ ಒಂದೇ ಸಂಕೇತವಾಗಿಯೂ ಬರಬಹುದು, U+0CC6 ಮತ್ತು U+0CC2 ಎಂಬ ಎರಡರ ಜೋಡಿಯಾಗಿಯೂ ಬರಬಹುದು. ಪರದೆಯ ಮೇಲೆ ಎರಡೂ ಒಂದೇ. ಹಳೆಯ ತಂತ್ರಾಂಶದಿಂದ ತಂದ ಹೆಸರುಗಳು ಒಂದು ಬಗೆಯಲ್ಲಿದ್ದವು, ಕಾರ್ಯದರ್ಶಿಗಳು ಟೈಪ್ ಮಾಡುವುದು ಇನ್ನೊಂದು ಬಗೆಯಲ್ಲಿತ್ತು. ಎರಡನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದ ಮೇಲೆ ಇದು ಸರಿಹೋಯಿತು. ‘ರಾಜ್‌ಕುಮಾರ್’ ಎಂಬಂಥ ಹೆಸರುಗಳ ನಡುವೆ ಅಡಗಿರುವ U+200C ಎಂಬ ಕಣ್ಣಿಗೆ ಕಾಣದ ಸಂಕೇತ ಅದರಿಂದ ಹೋಗುವುದಿಲ್ಲ. ಅದನ್ನು ಹುಡುಕುವಾಗ ಮಾತ್ರ ಕಡೆಗಣಿಸುವಂತೆ ಮಾಡಿದೆ, ಮೂಲ ಹೆಸರನ್ನು ಮುಟ್ಟಲಿಲ್ಲ. ಸೊನ್ನೆಯ ಜಾಗದಲ್ಲಿ ಅನುಸ್ವಾರ ಟೈಪ್ ಆದ ನಮೂದುಗಳೂ ಆಗಲೇ ಸಿಕ್ಕವು.

2. ನನ್ನ ಲೆಕ್ಕಕ್ಕೆ ಸೇರದವು

ತಕ್ಕಡಿ ಕಿಲೋದಲ್ಲಿ ಕಳಿಸಿದ್ದನ್ನು ತಂತ್ರಾಂಶ ಲೀಟರ್ ಎಂದು ಓದುತ್ತಿದ್ದ ದೋಷ ಪಟ್ಟಿಯಲ್ಲಿ ನನ್ನ ಹೆಸರಿನಲ್ಲಿದೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುವುದರಿಂದ ಇದು ದೊಡ್ಡ ದೋಷವೇ. ಆದರೆ ಅದನ್ನು ಹಿಡಿದವರು ಸಂಘಗಳಿಗೆ ತರಬೇತಿ ಕೊಡಲು ಹೋಗುವ ನಮ್ಮ ಸಹೋದ್ಯೋಗಿ. ಅವರು ಫೋನಿನಲ್ಲಿ ಹೇಳಿದ್ದನ್ನು ನಾನು ಟಿಕೆಟ್‌ಗೆ ಇಳಿಸಿದೆ, ಅಷ್ಟೇ. ಅವರ ಮೌಲ್ಯಮಾಪನದಲ್ಲಿ ಇದನ್ನು ಪರಿಗಣಿಸಬೇಕೆಂದು ಕೋರುತ್ತೇನೆ. ಅವರ ವಿಭಾಗದ ಫಾರ್ಮ್‌ನಲ್ಲಿ ದೋಷಗಳ ಬಗ್ಗೆ ಬರೆಯಲು ಜಾಗವೇ ಇಲ್ಲ.

3. ಕೆಲಸದ ರೀತಿಯಲ್ಲಿ ತಂದ ಬದಲಾವಣೆ

ನಾನೇ ಸರಿಪಡಿಸಿದ ದೋಷವನ್ನು ನಾನೇ ಪರೀಕ್ಷಿಸಿ ಪಾಸ್ ಮಾಡಬಾರದು ಎಂದು ಆಗಸ್ಟ್‌ನಲ್ಲಿ ಸೂಚಿಸಿದೆ, ನೀವು ಒಪ್ಪಿದಿರಿ. ಈಗ ನನ್ನ ಪ್ರತಿ ತಿದ್ದುಪಡಿಯನ್ನು ಒಬ್ಬ ಡೆವಲಪರ್ ರಿವ್ಯೂ ಮಾಡುತ್ತಾರೆ, ಇನ್ನೊಬ್ಬ ಟೆಸ್ಟರ್ ಪರೀಕ್ಷಿಸುತ್ತಾರೆ. ಇದರಿಂದ ಒಂದು ಕಾಗುಣಿತದ ತಪ್ಪು ಸರಿಯಾಗಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹಣದ ಲೆಕ್ಕ ನೋಡುವ ತಂತ್ರಾಂಶದಲ್ಲಿ ಅಷ್ಟು ತಡ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಮುಂಜಾನೆ 5:30ರ ಎರಡೂ ಬದಿ, ತಿಂಗಳ ಕೊನೆಯ ದಿನ, ಮಾರ್ಚ್ 31 ಮತ್ತು ಫೆಬ್ರುವರಿ 29, ಈ ಸಮಯಗಳನ್ನು ಪ್ರತಿ ರಿಲೀಸ್‌ಗೆ ಮೊದಲು ತಾನಾಗಿ ಓಡುವ ಪರೀಕ್ಷೆಗಳಿಗೆ ಸೇರಿಸಿದ್ದೇನೆ.

4. ಸುಧಾರಿಸಿಕೊಳ್ಳಬೇಕಾದದ್ದು

ಟಿಕೆಟ್‌ನಲ್ಲಿ ಧೈರ್ಯವಾಗಿ ಬರೆಯುವ ನಾನು ರಿಲೀಸ್ ಸಭೆಯಲ್ಲಿ ಮಾತನಾಡುವುದು ಕಡಿಮೆ. ‘ಇದು ಸರಿಯಾಗುವ ತನಕ ಬಿಡುಗಡೆ ಬೇಡ’ ಎನ್ನಬೇಕಾದ ಕಡೆ ‘ಒಮ್ಮೆ ನೋಡಿದರೆ ಒಳ್ಳೆಯದು’ ಎನ್ನುತ್ತೇನೆ. ವಿನಯ ನನ್ನ ಸ್ವಭಾವ ಇರಬಹುದು, ಆದರೆ ದೋಷದ ತೀವ್ರತೆಯನ್ನು ಕಡಿಮೆ ಮಾಡಿ ಹೇಳುವುದು ಟೆಸ್ಟರ್‌ಗೆ ಸಲ್ಲದು. ಮುಂದಿನ ವರ್ಷ ಪ್ರತಿ ರಿಲೀಸ್‌ಗೂ ನನ್ನ ‘ಹೌದು’ ಅಥವಾ ‘ಬೇಡ’ ಎಂಬುದನ್ನು ಸಭೆಗೆ ಮೊದಲೇ ಕಾರಣಸಹಿತ ಬರೆದು ಕಳಿಸುತ್ತೇನೆ.

ಲೋಡ್ ಟೆಸ್ಟಿಂಗ್ ನನಗೆ ಅಷ್ಟಾಗಿ ಬರುವುದಿಲ್ಲ. ಬೆಳಗ್ಗೆ ಎಲ್ಲ ಸಂಘಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಮೂದುಗಳನ್ನು ಕಳಿಸುತ್ತವೆ. ಆ ಒತ್ತಡವನ್ನು ನಾವು ಇನ್ನೂ ಸರಿಯಾಗಿ ಪರೀಕ್ಷಿಸಿಲ್ಲ. ಇದಕ್ಕೆ ತರಬೇತಿ ಬೇಕು.

5. ಸ್ವ-ಅಂಕ (5ಕ್ಕೆ)

4. ಕಳೆದ ವರ್ಷ 3 ಹಾಕಿಕೊಂಡಿದ್ದೆ. ಈ ಬಾರಿಯೂ 3 ಎಂದು ಬರೆದು ನೀವೇ ಹೆಚ್ಚಿಸಲಿ ಎಂದು ಕಾಯುವುದು ನಿಮ್ಮ ಮೇಲೆ ಕೆಲಸ ಹೊರಿಸಿದಂತೆ. HS-1187 ಒಂದೇ 3ನ್ನು ಮೀರಿದ ಕೆಲಸ ಎಂದು ನನಗೆ ಅನಿಸುತ್ತದೆ, ಅದನ್ನು ಹೇಳಲು ಈಗ ಹಿಂಜರಿಕೆ ಇಲ್ಲ. ಮೇಲೆ ಹೇಳಿದ ಲೋಡ್ ಟೆಸ್ಟಿಂಗ್ ಬಾಕಿಯಿರುವಾಗ 5 ಹಾಕಿಕೊಳ್ಳಲಾರೆ.

6. ಕೋರಿಕೆ

ಲೋಡ್ ಟೆಸ್ಟಿಂಗ್ ತರಬೇತಿಗೆ ಕಳಿಸಿಕೊಡಿ. ನಾನು ಕೋಡ್ ತಿದ್ದುವ ಕೆಲಸ ಮುಂದುವರಿಯುವುದಾದರೆ ಅದನ್ನು ನನ್ನ ಹುದ್ದೆಯ ವಿವರದಲ್ಲಿ ಸೇರಿಸಿ, ಸಂಬಳದ ಪರಿಶೀಲನೆಯಲ್ಲೂ ಗಣನೆಗೆ ತೆಗೆದುಕೊಳ್ಳಿ. ಮುಂದುವರಿಯದಿದ್ದರೆ ಬಾಕಿ ಇರುವ ತಿದ್ದುಪಡಿಗಳನ್ನು ಏಪ್ರಿಲ್ ಒಳಗೆ ಡೆವಲಪರ್‌ಗಳಿಗೆ ಒಪ್ಪಿಸುತ್ತೇನೆ. ಮುಚ್ಚಿದ ದೂರುಗಳನ್ನು ತಿಂಗಳಿಗೊಮ್ಮೆ ಓದಲು ಅರ್ಧ ದಿನ ಬಿಡುವು ಕೊಡಿ. ಈ ಮೂರರಲ್ಲಿ ಒಂದನ್ನೇ ಒಪ್ಪಬಹುದು ಎಂದಾದರೆ ಆ ಅರ್ಧ ದಿನವನ್ನು ಒಪ್ಪಿ.